ಒಂದೂವರೆ ಸ್ಕೂಪ್ ವೇ, 1.4 ಕ್ರಿಯಾಟಿನಿನ್

"ವೇ ಪ್ರೋಟೀನ್ ಪುಡಿ ಕುಡಿದ್ರೆ ಕಿಡ್ನಿ ಹೋಗುತ್ತೆ" ಅಂದವರಿಗೆಲ್ಲ ರಿಪೋರ್ಟ್ ತೋರಿಸಿ ಆಯಿತು. ಈಗ ಅವರೇ ಯಾವ ಡಬ್ಬ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತೂಕ ಸುಮಾರು 70 ಕಿಲೋ. ಕಿಲೋಗೆ 1.6 ಗ್ರಾಂ ಹಿಡಿದರೆ ದಿನಕ್ಕೆ 112 ಗ್ರಾಂ ಪ್ರೋಟೀನ್. ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು-ಮೊಸರು, ಮುದ್ದೆ, ಚಪಾತಿ, ಕಾಳು ಸಾರು ಸೇರಿ 75ರ ಹತ್ತಿರ ಬರುತ್ತದೆ. ಉಳಿದಿದ್ದಕ್ಕೆ ಮಾತ್ರ ಹಾಲಿನಿಂದ ತೆಗೆದ ಈ ವೇ ಪುಡಿ, ಒಂದೂವರೆ ಸ್ಕೂಪ್. ಸ್ಕೂಪಿಗೆ ಎಪ್ಪತ್ತು ರೂಪಾಯಿ ಬೀಳುತ್ತೆ, ಅಷ್ಟೇ ಪ್ರೋಟೀನ್ ಮೊಟ್ಟೆಯಲ್ಲಿ ಮೂವತ್ತಕ್ಕೆ ಸಿಗುತ್ತೆ. ಜಾಸ್ತಿ ಸುರಿದುಕೊಳ್ಳೋದು ದುಡ್ಡು ದಂಡ.

ಮೊದಲು ತಂದ ಅಗ್ಗದ ಡಬ್ಬದಲ್ಲಿ 40 ಗ್ರಾಂ ಸ್ಕೂಪಿಗೆ 18 ಗ್ರಾಂ ಪ್ರೋಟೀನ್, ಉಳಿದಿದ್ದು ಹೆಚ್ಚಾಗಿ ಸಕ್ಕರೆ. ಸಾವಿರದ ಚಿಲ್ಲರೆ ನೀರಿಗೆ ಹೋಯಿತು. ಈಗ 33 ಗ್ರಾಂ ಸ್ಕೂಪಿಗೆ 24 ಇದ್ದರೆ ಮಾತ್ರ ಕೊಳ್ಳುತ್ತೇನೆ. ಸಾದಾ ಬಗೆಯಾದ ಕಾನ್ಸಂಟ್ರೇಟ್‌ನಿಂದ ಹೊಟ್ಟೆ ಉಬ್ಬರಿಸಿದ್ದಕ್ಕೆ ಹೆಚ್ಚು ಸೋಸಿದ ಬಗೆಯಾದ ಐಸೊಲೇಟ್‌ಗೆ ಬಂದೆ, ಅದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆ. ಬಿಸಿ ರಾಗಿ ಗಂಜಿಗೂ ಹಾಕಿ ನೋಡಿದೆ, ಗಂಟುಗಂಟಾಯಿತು. ತಣ್ಣಗಾದ ಮೇಲೆ ಹಾಕಿದರೆ ಸರಿ.

ನಡುವೆ ಒಂದು ರಕ್ತದ ರಿಪೋರ್ಟಿನಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ 1.4ರ ಆಸುಪಾಸು ಬಂತು, ಸಾಮಾನ್ಯಕ್ಕಿಂತ ಸ್ವಲ್ಪ ಜಾಸ್ತಿ. ಮನೆಯಲ್ಲಿ ಗಲಾಟೆ. ಆದರೆ ಆಗ ನಾನು ಜಿಮ್‌ನವರು ಶಕ್ತಿಗೆ ತಗೊಳ್ಳೋ ಕ್ರಿಯಾಟಿನ್ ಪುಡಿಯನ್ನೂ ತಗೊಳ್ತಿದ್ದೆ, ಹಿಂದಿನ ದಿನ ಕಾಲಿನ ವರ್ಕೌಟು, ರಾತ್ರಿ ಮಟನ್. ಮೂರೂ ಆ ಸಂಖ್ಯೆಯನ್ನು ಏರಿಸುತ್ತವೆ, ಕಿಡ್ನಿಗೆ ಏನೂ ಆಗದಿದ್ದರೂ. ಡಾಕ್ಟರ್ ಹೇಳಿದಂತೆ ಕ್ರಿಯಾಟಿನ್ ಕೆಲವು ವಾರ ನಿಲ್ಲಿಸಿ, ಎರಡು-ಮೂರು ದಿನ ಜಿಮ್ ಬಿಟ್ಟು, ಮತ್ತೆ ರಕ್ತ ಕೊಟ್ಟೆ. ವೇ ಮಾತ್ರ ನಿಲ್ಲಿಸಲಿಲ್ಲ. ಕ್ರಿಯಾಟಿನಿನ್ ಒಂದರ ಆಸುಪಾಸಿಗೆ ಇಳಿಯಿತು. ಮಾಂಸಖಂಡದ ಪ್ರಭಾವ ಅಷ್ಟಾಗಿ ಇಲ್ಲದ, ಕಿಡ್ನಿ ಸೋಸುವುದನ್ನು ಅಳೆಯುವ ಇನ್ನೊಂದು ರಕ್ತ ಪರೀಕ್ಷೆ ಸಿಸ್ಟಾಟಿನ್ ಸಿ ಕೂಡ ನಾರ್ಮಲ್. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ರೇಶಿಯೋ ನಾರ್ಮಲ್ ಮಿತಿಯಾದ 30ರ ಎಷ್ಟೋ ಕೆಳಗೆ. ಕಿಡ್ನಿಗೆ ಪೆಟ್ಟಾಗಿದ್ದರೆ ಸಾಮಾನ್ಯವಾಗಿ ಮೊದಲು ಮೂತ್ರಕ್ಕೆ ಸೋರೋದು ರಕ್ತದ ಪ್ರೋಟೀನ್ ಆದ ಈ ಆಲ್ಬುಮಿನ್ನೇ.

ಇದನ್ನು ನೋಡಿ ನಮ್ಮ ಮಾವ, "ನಂಗೂ ಒಂದು ಡಬ್ಬ ತಂದುಕೊಡೋ, ಸುಸ್ತಾಗುತ್ತೆ" ಅಂದರು. ಅವರಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಅರ್ಧ ಹೋಗಿದೆ. ನಾನು ತರಲಿಲ್ಲ. ಪ್ರೋಟೀನ್ ಜಾಸ್ತಿ ತಿಂದಾಗ ಕಿಡ್ನಿ ಹೆಚ್ಚು ರಕ್ತ ಸೋಸಬೇಕು. ಚೆನ್ನಾಗಿರುವ ಕಿಡ್ನಿಗೆ ಆ ಶಕ್ತಿ ಉಳಿದಿರುತ್ತದೆ. ಅವರದರಲ್ಲಿ ಉಳಿದಿರುವ ಸೋಸುವ ಜರಡಿಗಳು ಆಗಲೇ ಮೈಮುರಿದು ದುಡಿಯುತ್ತಿವೆ, ಇನ್ನಷ್ಟು ಹೇರಿದರೆ ಅವೂ ಬೇಗ ಸವೆಯುತ್ತವೆ. ಡಯಟಿಷಿಯನ್ ಅವರಿಗೆ ಕೊಟ್ಟಿದ್ದು ಕಿಲೋಗೆ 0.8 ಗ್ರಾಂ. ತೂಕ 60, ಅಂದರೆ ಇಡೀ ದಿನಕ್ಕೆ 48. ನನ್ನ ಒಂದೇ ಸ್ಕೂಪು ಅದರಲ್ಲಿ ಅರ್ಧ ನುಂಗಿಬಿಡುತ್ತೆ.

ಅವರ ಗೆಳೆಯರೊಬ್ಬರು ಡಯಾಲಿಸಿಸ್‌ನಲ್ಲಿದ್ದಾರೆ. ಅವರಿಗೆ ಡಾಕ್ಟರು ಪ್ರೋಟೀನ್ ಜಾಸ್ತಿ ತಿನ್ನಿ ಅಂತಲೇ ಹೇಳಿದ್ದಾರೆ, ಕಿಲೋಗೆ 1 ಗ್ರಾಮಿಗೂ ಮೇಲೆ. ಡಯಾಲಿಸಿಸ್‌ನಲ್ಲಿ ಪ್ರೋಟೀನಿನ ತುಣುಕುಗಳಾದ ಅಮೈನೋ ಆಸಿಡ್ ಹೊರಹೋಗುತ್ತೆ, ಅದನ್ನು ತುಂಬಿಕೊಳ್ಳಬೇಕು. ಮಾವನಿಗೆ ಡಯಾಲಿಸಿಸ್ ಇಲ್ಲ, ಆದರೂ ಅದನ್ನೇ ಹಿಡಿದು ಇನ್ನೂ ವಾದ ಮಾಡುತ್ತಿದ್ದಾರೆ.