ಬೇರೆಯವರ ಕೃತಿಯ ತುಣುಕುಗಳಿರುವ ವಿಡಿಯೊಗೆ ನಾನು ಶೀರ್ಷಿಕೆ, ವಿವರಣೆ ಬರೆಯುವ ಕ್ರಮ

ಸಾಕ್ಷ್ಯಚಿತ್ರಗಳ ಸಂಕಲನವನ್ನೂ ಧ್ವನಿಯನ್ನೂ ಕುರಿತು ನಾನು ಯೂಟ್ಯೂಬಿನಲ್ಲಿ ವ್ಯಾಖ್ಯಾನದ ವಿಡಿಯೊಗಳನ್ನು ಮಾಡುತ್ತೇನೆ. ಮಾತು ನನ್ನದಾದರೂ ತೋರಿಸುವ ದೃಶ್ಯಗಳು ಬೇರೆಯವರವು. ಹಾಗಾಗಿ ಸಂಕಲನ ಮುಗಿದ ಮೇಲೆ ಶೀರ್ಷಿಕೆ, ವಿವರಣೆ, ಟ್ಯಾಗ್‌ಗಳನ್ನು ತುಂಬುವ ಕೆಲಸಕ್ಕೆ ನಾನು ಪ್ರತ್ಯೇಕ ಸಮಯವನ್ನೇ ಇಟ್ಟುಕೊಳ್ಳುತ್ತೇನೆ. ಸೇತುವೆಯೊಂದರ ನಿರ್ಮಾಣವನ್ನು ಕುರಿತ ಇಪ್ಪತ್ತೆರಡು ನಿಮಿಷದ ಸಾಕ್ಷ್ಯಚಿತ್ರದ ಮೇಲೆ ನಾನು ಮಾಡಿದ ವಿಡಿಯೊವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಆ ಚಿತ್ರದ ಕೊನೆಯ ದೃಶ್ಯದಲ್ಲಿ ಸಂಗೀತವನ್ನು ಏಕೆ ಕೈಬಿಡಲಾಗಿದೆ ಎಂಬುದು ನನ್ನ ವಿಷಯವಾಗಿತ್ತು.

ಶೀರ್ಷಿಕೆಯಲ್ಲಿ ನಾನು ಮೊದಲು ನೋಡುವುದು ಪದಗಳ ಕ್ರಮವನ್ನು. ಯೂಟ್ಯೂಬ್ ನೂರು ಅಕ್ಷರಗಳವರೆಗೆ ಅವಕಾಶ ಕೊಡುತ್ತದೆಯಾದರೂ ಫೋನಿನ ಪಟ್ಟಿಯಲ್ಲಿ ಉದ್ದನೆಯ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ತೊಡಕಿದೆ: ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರವನ್ನು ಕೂಡಿಸುವ ಹಲಂತಚಿಹ್ನೆಗಳೆಲ್ಲ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ಪ್ರತಿಕ್ರಿಯೆ’ ಹನ್ನೊಂದನ್ನು ನುಂಗುತ್ತದೆ. ಕೃತಿಯ ಹೆಸರನ್ನು ಮುಂದಿಟ್ಟು ‘ವ್ಯಾಖ್ಯಾನ’ ಎಂಬುದನ್ನು ಕೊನೆಗೆ ತಳ್ಳಿದರೆ, ಪಟ್ಟಿಯಲ್ಲಿ ಕಾಣುವುದು ಕೃತಿಯ ಹೆಸರು ಮಾತ್ರ. ಮೂಲ ಚಿತ್ರವೇ ಸಿಕ್ಕಿತೆಂದು ನೋಡುಗರು ಒಳಗೆ ಬರುತ್ತಾರೆ, ಅರ್ಧ ನಿಮಿಷದಲ್ಲಿ ಹೊರಟುಹೋಗುತ್ತಾರೆ. ಆದ್ದರಿಂದ ನನ್ನ ಶೀರ್ಷಿಕೆ ‘ವ್ಯಾಖ್ಯಾನ:’ ಎಂದು ಆರಂಭವಾಗಿ, ಅನಂತರ ನಾನು ಎತ್ತುವ ಪ್ರಶ್ನೆಗೆ ಹೋಗಿ, ಆಮೇಲೆ ಕೃತಿಯ ಹೆಸರಿಗೆ ಬರುತ್ತದೆ. ಥಂಬ್‌ನೇಲ್‌ಗೂ ಇದೇ ನಿಯಮ. ಮೂಲ ಚಿತ್ರದ ಪೋಸ್ಟರನ್ನಾಗಲಿ ಒಂದು ಫ್ರೇಮನ್ನಾಗಲಿ ಪೂರ್ತಿಯಾಗಿ ಹಾಕದೆ, ನನ್ನ ಮುಖ ಅಥವಾ ನಾನು ಬರೆದ ಧ್ವನಿರೇಖೆ ಎದ್ದು ಕಾಣುವಂತೆ ಜೋಡಿಸುತ್ತೇನೆ.

‘ಮೊದಲ ಬಾರಿ ನೋಡಿದ ಪ್ರತಿಕ್ರಿಯೆ’ ಎಂಬ ಮಾತನ್ನು ಅದು ನಿಜವಾಗಿದ್ದಾಗ ಮಾತ್ರ ಬಳಸಬೇಕು ಎಂಬುದು ನನ್ನ ಕಟ್ಟುನಿಟ್ಟಿನ ನಿಲುವು. ಟ್ರೇಲರ್ ನೋಡಿದ್ದರೆ ‘ಟ್ರೇಲರ್ ಹೊರತು ಮೊದಲ ಬಾರಿ’ ಎಂದು ವಿವರಣೆಯಲ್ಲಿ ಬರೆಯಲು ಒಂದು ಸಾಲೂ ಬೇಕಾಗುವುದಿಲ್ಲ. ಸೇತುವೆಯ ಚಿತ್ರವನ್ನು ನಾನು ಹಲವು ಸಲ ನೋಡಿ ಟಿಪ್ಪಣಿ ಮಾಡಿಕೊಂಡಿದ್ದೆ. ಹಾಗಾಗಿ ಅದು ‘ಪ್ರತಿಕ್ರಿಯೆ’ಯಲ್ಲ, ‘ವ್ಯಾಖ್ಯಾನ’. ತುಣುಕುಗಳಿಗೆ ನಾನು ಮಾಡಿದ ಬದಲಾವಣೆಯನ್ನೂ ಹೇಳುತ್ತೇನೆ. ಮಾತು ಕೇಳಿಸಲೆಂದು ಮೂಲದ ಧ್ವನಿಯನ್ನು ಒಂದು ತುಣುಕಿನಲ್ಲಿ ಎರಡು ಕಡೆ ತಗ್ಗಿಸಿದ್ದೆ. ಚಿತ್ರದ ಧ್ವನಿಯ ಬಗ್ಗೆಯೇ ಮಾತನಾಡುವ ವಿಡಿಯೊದಲ್ಲಿ ಇದನ್ನು ಮುಚ್ಚಿಟ್ಟರೆ, ಮೂಲವೇ ಅಷ್ಟು ಮೆಲುದನಿಯದು ಎಂದು ಕೇಳುವವರು ತಿಳಿಯುತ್ತಾರೆ. ನಿರ್ಮಾಪಕರಿಂದ ಹಣವನ್ನೋ ಇತರ ಲಾಭವನ್ನೋ ಪಡೆದು ಮಾಡಿದ ವಿಡಿಯೊ ಆಗಿದ್ದರೆ ಪಾವತಿಸಿದ ಪ್ರಚಾರದ ಗುರುತನ್ನು ಹಾಕಲೇಬೇಕು. ನನ್ನದು ಹಾಗಿರಲಿಲ್ಲವಾದ್ದರಿಂದ ಆ ಚೌಕವನ್ನು ಖಾಲಿ ಬಿಟ್ಟೆ.

ವಿವರಣೆಯ ಮೊದಲ ಎರಡು ಸಾಲುಗಳು ‘ಇನ್ನಷ್ಟು’ ಒತ್ತದೆಯೇ ಕಾಣುವುದರಿಂದ ಅಲ್ಲಿ ಇದು ಏನು, ಏನಲ್ಲ ಎಂಬುದನ್ನು ಹೇಳಿಬಿಡುತ್ತೇನೆ: ‘ಇದು ಸಾಕ್ಷ್ಯಚಿತ್ರದ ಮೇಲಿನ ವ್ಯಾಖ್ಯಾನ, ಪೂರ್ಣ ಚಿತ್ರ ಇಲ್ಲಿಲ್ಲ, ಅದರ ಅಧಿಕೃತ ಕೊಂಡಿ ಕೆಳಗಿದೆ.’ ಅದರ ಕೆಳಗೆ ಕೃತಿಯ ಹೆಸರು, ವರ್ಷ, ನಿರ್ದೇಶಕರು, ನಿರ್ಮಾಣ ಸಂಸ್ಥೆ, ಕೊಂಡಿ. ಈ ವಿವರಗಳನ್ನು ಚಿತ್ರದ ಕೊನೆಯ ಹೆಸರುಪಟ್ಟಿಯನ್ನು ನಿಲ್ಲಿಸಿ ಓದಿಯೇ ತೆಗೆದುಕೊಳ್ಳುತ್ತೇನೆ. ತುಣುಕು ಯಾರೋ ಮರು ಅಪ್‌ಲೋಡ್ ಮಾಡಿದ ಪ್ರತಿಯಿಂದ ಸಿಕ್ಕಿದ್ದರೆ ಆ ಚಾನೆಲ್ಲಿಗೆ ಕೃತಜ್ಞತೆ ಹೇಳಿ ಮುಗಿಸುವ ರೂಢಿಯಿದೆ. ಅದರಿಂದ ಮಾಡಿದವರ ಹೆಸರೇ ಮರೆಯಾಗುತ್ತದೆ. ಸಂಗೀತವಿದ್ದರೆ ಸಂಗೀತಗಾರರ ಹೆಸರನ್ನು ಬೇರೆ ಸಾಲಿನಲ್ಲಿ ಬರೆಯುತ್ತೇನೆ, ಏಕೆಂದರೆ ಚಿತ್ರದ ಹಕ್ಕೂ ಅದರಲ್ಲಿನ ಹಾಡಿನ ಹಕ್ಕೂ ಅನೇಕ ವೇಳೆ ಒಬ್ಬರದಲ್ಲ.

ಇನ್ನು ತುಣುಕುಗಳ ಪಟ್ಟಿ. ನನ್ನ ವಿಡಿಯೊದ ಯಾವ ಹೊತ್ತಿನಲ್ಲಿ ಮೂಲದ ಯಾವ ಭಾಗ ಬಂದಿದೆ ಎಂಬುದನ್ನು ಬರೆದಿಟ್ಟರೆ ಓದುಗರು ಮೂಲಕ್ಕೆ ಹೋಗಿ ಸಂದರ್ಭವನ್ನು ಪರಿಶೀಲಿಸಬಹುದು. ಆದರೆ ಇಲ್ಲೊಂದು ತಾಂತ್ರಿಕ ಬಲೆಯಿದೆ. ವಿವರಣೆಯಲ್ಲಿ 18:20 ಎಂಬಂತೆ ಬರೆದ ಸಮಯವನ್ನು ಯೂಟ್ಯೂಬ್ ಈ ವಿಡಿಯೊದ್ದೇ ಸಮಯವೆಂದು ತಿಳಿದು ಕೊಂಡಿಯಾಗಿಸಲು ನೋಡುತ್ತದೆ. ಅಧ್ಯಾಯಗಳು ಮೂಡಬೇಕಾದರೆ ಪಟ್ಟಿ 00:00ರಿಂದ ಆರಂಭವಾಗಬೇಕು, ಕನಿಷ್ಠ ಮೂರು ಸಮಯಗಳು ಏರಿಕೆಯ ಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯ ಹತ್ತು ಸೆಕೆಂಡಿಗಿಂತ ಕಡಿಮೆಯಿರಬಾರದು. ನಡುವೆ ಮೂಲದ ಸಮಯಗಳು ಅದೇ ರೂಪದಲ್ಲಿ ನುಸುಳಿದರೆ ಕ್ರಮ ಕೆಡುತ್ತದೆ. ಅದಕ್ಕಾಗಿ ಅಧ್ಯಾಯಗಳನ್ನು ಮಾತ್ರ ಅಂಕಿಯ ರೂಪದಲ್ಲಿಟ್ಟು, ತುಣುಕುಗಳ ಸಮಯವನ್ನು ಪದಗಳ ಜೊತೆಗೆ ಬರೆಯುತ್ತೇನೆ.

```
00:00 ಪ್ರಶ್ನೆ
01:40 ಆರಂಭದ ಸಂಗೀತ
06:15 ಕೊನೆಯ ದೃಶ್ಯ

ಬಳಸಿದ ತುಣುಕುಗಳು
1. ಇಲ್ಲಿ 2 ನಿ 05 ಸೆ; ಮೂಲದಲ್ಲಿ 0 ನಿ 50 ಸೆ, 25 ಸೆಕೆಂಡು
2. ಇಲ್ಲಿ 6 ನಿ 30 ಸೆ; ಮೂಲದಲ್ಲಿ 18 ನಿ 20 ಸೆ, 40 ಸೆಕೆಂಡು
   (ಧ್ವನಿ ತಗ್ಗಿಸಲಾಗಿದೆ)
```

ಟ್ಯಾಗ್‌ಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಹುಡುಕಾಟದಲ್ಲಿ ಅವುಗಳ ಪಾತ್ರ ತೀರಾ ಚಿಕ್ಕದೆಂದು ಯೂಟ್ಯೂಬೇ ಹೇಳುತ್ತದೆ. ಕೃತಿಯ ಹೆಸರನ್ನು ಜನ ತಪ್ಪಾಗಿ ಟೈಪ್ ಮಾಡುವ ರೂಪಗಳಿಗಷ್ಟೇ ನಾನು ಅವನ್ನು ಬಳಸುತ್ತೇನೆ. ‘ಪೂರ್ಣ ಚಿತ್ರ’ ಎಂಬುದನ್ನಾಗಲಿ ನಾನು ಚರ್ಚಿಸದ ಕಲಾವಿದರ ಹೆಸರನ್ನಾಗಲಿ ಅಲ್ಲಿ ತುರುಕುವುದಿಲ್ಲ. ಪರವಾನಗಿಯ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು: ಕ್ರಿಯೇಟಿವ್ ಕಾಮನ್ಸ್ ಆರಿಸಿದರೆ ನನ್ನದಲ್ಲದ ತುಣುಕುಗಳನ್ನೂ ಮರುಬಳಕೆಗೆ ನಾನೇ ಕೊಟ್ಟಂತಾಗುತ್ತದೆ, ಆ ಅಧಿಕಾರ ನನಗಿಲ್ಲ.

ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ನ್ಯಾಯಯುತ ಬಳಕೆಯನ್ನು ಕುರಿತ 107ನೇ ವಿಧಿಯನ್ನು ಉಲ್ಲೇಖಿಸುವ ಸಿದ್ಧ ಪ್ಯಾರಾವೊಂದನ್ನು ಅನೇಕರು ಎಲ್ಲ ವಿವರಣೆಗಳಿಗೂ ಅಂಟಿಸುತ್ತಾರೆ. ನಾನು ಅಂಟಿಸುವುದಿಲ್ಲ. ಆ ವಿಧಿ ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮೂಲದ ಮಾರುಕಟ್ಟೆಯ ಮೇಲಾಗುವ ಪರಿಣಾಮ ಇವನ್ನು ತೂಗಿ ನೋಡಲು ಹೇಳುತ್ತದೆಯೇ ಹೊರತು ಘೋಷಣೆಗೆ ಬೆಲೆ ಕೊಡುವುದಿಲ್ಲ. ಹೆಸರು ಹೇಳಿ ಗೌರವಿಸುವುದೂ ಅನುಮತಿಗೆ ಸಮನಲ್ಲ. ಕಂಟೆಂಟ್ ಐಡಿ ಎಂಬ ಸ್ವಯಂಚಾಲಿತ ವ್ಯವಸ್ಥೆಯಂತೂ ಚಿತ್ರ, ಧ್ವನಿಗಳನ್ನು ಹೋಲಿಸುತ್ತದೆ. ನಾನು ಬರೆದ ವಿವರಣೆಯನ್ನು ನೋಡಿ ಸುಮ್ಮನಾಗುವುದಿಲ್ಲ.

ಆದ್ದರಿಂದ ವಿಡಿಯೊವನ್ನು ಮೊದಲು ಖಾಸಗಿಯಾಗಿ ಅಪ್‌ಲೋಡ್ ಮಾಡಿ, ಹಕ್ಕುಸ್ವಾಮ್ಯದ ತಪಾಸಣೆ ಮುಗಿಯುವವರೆಗೆ ಕಾಯುತ್ತೇನೆ. ಸೇತುವೆಯ ವಿಡಿಯೊದಲ್ಲಿ ಆರಂಭದ ಸಂಗೀತದ ಮೇಲೆ ಕ್ಲೇಮ್, ಅಂದರೆ ಅದರ ಹಕ್ಕು ತಮ್ಮದೆಂಬ ಕೋರಿಕೆ, ಬಂತು. ಕ್ಲೇಮ್ ಎಂದರೆ ಚಾನೆಲ್ಲಿನ ಮೇಲೆ ಬೀಳುವ ದಂಡನೆಯಾದ ಸ್ಟ್ರೈಕ್ ಅಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಹೊಂದಿಕೆಯಾಗಿದೆ, ಹಕ್ಕು ಕೇಳುತ್ತಿರುವವರು ಯಾರು ಎಂಬುದು ಕಾಣುತ್ತದೆ. ಅಲ್ಲಿದ್ದದ್ದು ಸಂಗೀತದ ಹಕ್ಕುಗಳನ್ನು ನಿರ್ವಹಿಸುವ ಸಂಸ್ಥೆಯ ಹೆಸರು. ಹಾಗೆಂದು ನಾನು ವಿವರಣೆಯಲ್ಲಿ ಬರೆದ ಸಂಗೀತಗಾರರ ಹೆಸರನ್ನು ಬದಲಿಸಲಿಲ್ಲ. ಕ್ಲೇಮಿನ ಸಮಯವನ್ನು ನನ್ನ ಪಟ್ಟಿಯೊಂದಿಗೆ ಹೋಲಿಸಿದಾಗ ಅದು ಒಂದನೇ ತುಣುಕೆಂದು ತಕ್ಷಣ ತಿಳಿಯಿತು, ಆ ಇಪ್ಪತ್ತೈದು ಸೆಕೆಂಡಿನಲ್ಲಿ ಸಂಗೀತದ ಬಗ್ಗೆ ನಾನು ಏನು ಹೇಳಿದ್ದೇನೆ ಎಂಬುದನ್ನೇ ಆಕ್ಷೇಪಣೆಯಲ್ಲಿ ಬರೆದೆ. ಉತ್ತರ ಕೊಡಲು ಅವರಿಗೆ ಮೂವತ್ತು ದಿನಗಳ ಅವಧಿಯಿರುತ್ತದೆ. ಅದರೊಳಗೆ ಅವರು ಕ್ಲೇಮನ್ನು ಹಿಂತೆಗೆದುಕೊಂಡರು. ಒಪ್ಪದೆ ಹೋಗಿದ್ದರೆ ಆ ತುಣುಕಿನ ಧ್ವನಿಯನ್ನು ತೆಗೆದು, ಪಟ್ಟಿಯ ಮೊದಲ ಸಾಲಿಗೆ ‘ಧ್ವನಿ ತೆಗೆಯಲಾಗಿದೆ’ ಎಂದು ಸೇರಿಸಿ ಪ್ರಕಟಿಸಲು ಸಿದ್ಧನಾಗಿದ್ದೆ.