ಘನ, ದ್ರವ, ಹೈಬ್ರಿಡ್: ರಾಕೆಟ್‌ನ ಯಾವ ಹಂತಕ್ಕೆ ಯಾವುದು? ನೀವೇ ಲೆಕ್ಕ ಹಾಕಿ ನೋಡಿ

2016ರ ಸೆಪ್ಟೆಂಬರ್ 26ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ35 ಹೊರಟಿತು. ಅದರೊಳಗೆ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪುಟ್ಟ ಉಪಗ್ರಹ ಪೈಸ್ಯಾಟ್ ಇತ್ತು. ತೂಕ ಐದು ಕಿಲೋ ಚಿಲ್ಲರೆ. ಮುಖ್ಯ ಉಪಗ್ರಹ ಸ್ಕ್ಯಾಟ್‌ಸ್ಯಾಟ್-1 ಹದಿನೇಳು ನಿಮಿಷದ ಹೊತ್ತಿಗೆಲ್ಲ ಕಕ್ಷೆ ಸೇರಿತು. ಪೈಸ್ಯಾಟ್ ಮಾತ್ರ ಎರಡು ಗಂಟೆಗೂ ಹೆಚ್ಚು ಕಾಯಬೇಕಾಯಿತು. ಅದು ಇಳಿಯಬೇಕಿದ್ದ ಕಕ್ಷೆ ಬೇರೆ. ಅಲ್ಲಿಗೆ ಹೋಗಲು ನಾಲ್ಕನೇ ಹಂತದ ಎಂಜಿನ್ ಒಮ್ಮೆ ಆರಿ, ಸುಮ್ನೆ ತೇಲಿ, ಮತ್ತೆ ಹೊತ್ತಿ, ಮತ್ತೆ ಆರಿ, ಇನ್ನೊಮ್ಮೆ ಹೊತ್ತಿತು.

ಅದೇ ರಾಕೆಟ್‌ನ ಮೊದಲ ಹಂತಕ್ಕೆ ಇದು ಸಾಧ್ಯವೇ ಇಲ್ಲ. ಒಮ್ಮೆ ಹೊತ್ತಿಕೊಂಡರೆ ಮುಗಿಯುವ ತನಕ ಉರಿಯುವುದೊಂದೇ ಅದಕ್ಕೆ ಗೊತ್ತು. ಹಾಗಿದ್ದರೂ ಇಸ್ರೊ ಎಂಜಿನಿಯರುಗಳು ಅದನ್ನೇ ಕೆಳಗೆ ಇಟ್ಟಿದ್ದಾರೆ. ಪಿಎಸ್‌ಎಲ್‌ವಿಯ ನಾಲ್ಕು ಹಂತಗಳನ್ನು ಕೆಳಗಿನಿಂದ ಓದಿದರೆ ಅವುಗಳ ಇಂಧನ ಘನ, ದ್ರವ, ಘನ, ದ್ರವ. ಈ ಆಯ್ಕೆಯನ್ನು ಹಂತಹಂತವಾಗಿ ನಾವೇ ಮಾಡಿ ನೋಡೋಣ. ಬೇಕಾಗಿರುವುದು ಗುಣಾಕಾರ, ಭಾಗಾಕಾರ ಅಷ್ಟೇ.

ಮೊದಲು: ಎಷ್ಟು ನೂಕಬೇಕು?

ರಾಕೆಟ್‌ನ ನೂಕುಬಲಕ್ಕೆ ಒಂದು ಸರಳ ಲೆಕ್ಕ ಇದೆ. ಪ್ರತಿ ಸೆಕೆಂಡಿಗೆ ಎಷ್ಟು ಕಿಲೋ ಅನಿಲ ಹೊರಗೆ ಹೋಗುತ್ತದೆ, ಎಷ್ಟು ವೇಗದಲ್ಲಿ ಹೋಗುತ್ತದೆ, ಈ ಎರಡನ್ನೂ ಗುಣಿಸಿ. ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ.

ಪಿಎಸ್‌ಎಲ್‌ವಿಯ ದೊಡ್ಡ ಆವೃತ್ತಿ ನೆಲದ ಮೇಲೆ ನಿಂತಾಗ ಸುಮಾರು 320 ಟನ್ ತೂಗುತ್ತದೆ. ಅದನ್ನು ನೆಲದಿಂದ ಎತ್ತುವುದಕ್ಕೇ ಸುಮಾರು 3,100 ಕಿಲೋನ್ಯೂಟನ್‌ಗಿಂತ ಜಾಸ್ತಿ ಬೇಕು. ಬರೀ ಅಷ್ಟೇ ಇದ್ದರೆ ರಾಕೆಟ್ ನಿಂತಲ್ಲೇ ನಿಂತು ಇಂಧನ ಸುಡುತ್ತಾ ಇರುತ್ತದೆ. ಮೊದಲ ಒಂದೆರಡು ನಿಮಿಷ ನಿಧಾನ ಮಾಡಿದಷ್ಟೂ ನಷ್ಟ. ಹಾಗಾಗಿ ಕೆಳಗಿನ ಹಂತಕ್ಕೆ ನಾಜೂಕು ಮುಖ್ಯವಲ್ಲ, ತಾಕತ್ತು ಮುಖ್ಯ.

ಮೊದಲ ಹಂತದಲ್ಲಿ ಸುಮಾರು 138 ಟನ್ ಘನ ನೋದಕ, ಅಂದರೆ ಉರಿದು ರಾಕೆಟ್ಟನ್ನು ನೂಕುವ ಮಿಶ್ರಣ ಇದೆ. ಇದು ಸುಮಾರು 110 ಸೆಕೆಂಡಿನಲ್ಲಿ ಪೂರ್ತಿ ಉರಿದುಹೋಗುತ್ತದೆ. ಭಾಗಿಸಿದರೆ ಸೆಕೆಂಡಿಗೆ ಹತ್ತಿರಹತ್ತಿರ 1,250 ಕಿಲೋ. ಅಂದರೆ ಪ್ರತಿ ಸೆಕೆಂಡಿಗೆ ಒಂದು ಕಾರಿನಷ್ಟು ತೂಕ ಹೊಗೆಯಾಗಿ ಹೋಗುತ್ತಿದೆ. ಅನಿಲದ ವೇಗ ಸೆಕೆಂಡಿಗೆ ಸುಮಾರು 2,600 ಮೀಟರ್ ಅಂತ ಇಟ್ಟುಕೊಳ್ಳಿ. ಗುಣಿಸಿದರೆ ಸರಾಸರಿ 3,250 ಕಿಲೋನ್ಯೂಟನ್. ಅತಿ ಹೆಚ್ಚು ಇರುವ ಕ್ಷಣದಲ್ಲಿ ಅದು 4,800ರ ಆಸುಪಾಸಿಗೆ ಹೋಗುತ್ತದೆ. ಇದರ ಜೊತೆಗೆ ಪಕ್ಕದಲ್ಲಿ ಕಟ್ಟಿದ ಸಣ್ಣ ಘನ ಮೋಟಾರುಗಳ ನೂಕು ಬೇರೆ.

ಇಷ್ಟನ್ನು ದ್ರವದಿಂದಲೂ ಮಾಡಬಹುದು. ಆದರೆ ಸೆಕೆಂಡಿಗೆ ಸಾವಿರಾರು ಕಿಲೋ ದ್ರವವನ್ನು ಒತ್ತಡದಲ್ಲಿ ತಳ್ಳುವ ಪಂಪುಗಳು ಬೇಕು. ಎರಡನೇ ಹಂತದ ವಿಕಾಸ್ ಎಂಜಿನ್ನಿನ ನೂಕುಬಲ ಸುಮಾರು 800 ಕಿಲೋನ್ಯೂಟನ್. ಮೊದಲ ಹಂತದ ಗರಿಷ್ಠ ನೂಕಿಗೆ ಸಮ ಮಾಡಲು ಅಂಥವು ಆರು ಬೇಕು. ಘನ ಮೋಟಾರಿನಲ್ಲಿ ಪಂಪು ಇಲ್ಲ, ಕೊಳವೆ ಇಲ್ಲ, ವಾಲ್ವ್ ಇಲ್ಲ. ಇಂಧನ ಮತ್ತು ಅದಕ್ಕೆ ಆಮ್ಲಜನಕ ಕೊಡುವ ಉಪ್ಪು ಎರಡನ್ನೂ ಎಚ್‌ಟಿಪಿಬಿ ಎನ್ನುವ ರಬ್ಬರಿನಲ್ಲಿ ಕಲಸಿ, ಉಕ್ಕಿನ ಕೊಳಾಯಿಯೊಳಗೆ ಎರಕ ಹೊಯ್ದಿರುತ್ತಾರೆ. ನಡುವೆ ಉದ್ದಕ್ಕೂ ಒಂದು ರಂಧ್ರ. ಉರಿ ಆ ರಂಧ್ರದ ಗೋಡೆಯಿಂದ ಹೊರಕ್ಕೆ ತಿನ್ನುತ್ತಾ ಹೋಗುತ್ತದೆ.

ಈಗ ನಾಲ್ಕನೇ ಹಂತ. 2.5 ಟನ್ ದ್ರವ, ಎರಡು ಎಂಜಿನ್, ಎರಡೂ ಸೇರಿ ಸುಮಾರು 15 ಕಿಲೋನ್ಯೂಟನ್. ಅನಿಲದ ವೇಗ ಇಲ್ಲಿ ಜಾಸ್ತಿ, ಸೆಕೆಂಡಿಗೆ 3,000 ಮೀಟರ್. ಹಿಂದುಮುಂದಾಗಿ ಲೆಕ್ಕ ಮಾಡಿದರೆ ಸೆಕೆಂಡಿಗೆ ಬರೀ 5 ಕಿಲೋ ಉರಿಯುತ್ತದೆ. 2,500 ಕಿಲೋ ಮುಗಿಯಲು 500 ಸೆಕೆಂಡು. ಇಂಥ ಎಂಜಿನ್ನುಗಳಿಂದಲೇ ರಾಕೆಟ್ಟನ್ನು ನೆಲದಿಂದ ಎತ್ತಬೇಕೆಂದರೆ ನಾನೂರಕ್ಕೂ ಹೆಚ್ಚು ಬೇಕಾಗುತ್ತವೆ. ಆದರೆ ಅಷ್ಟು ಎತ್ತರದಲ್ಲಿ ಎತ್ತುವ ಕೆಲಸ ಮುಗಿದಿರುತ್ತದೆ. ಅಲ್ಲಿ ಉಳಿದಿರುವುದು ತಿದ್ದುವ ಕೆಲಸ.

ಎರಡನೆಯದು: ಯಾವಾಗ ನಿಲ್ಲಿಸಬೇಕು, ಯಾರು ನಿಲ್ಲಿಸುತ್ತಾರೆ?

ಘನ ಮೋಟಾರಿನ ನೂಕುಬಲ ಹಾರಾಟದ ಹೊತ್ತಿನಲ್ಲಿ ನಿರ್ಧಾರವಾಗುವುದಿಲ್ಲ. ಎರಕ ಹೊಯ್ಯುವಾಗಲೇ ನಿರ್ಧಾರ ಆಗಿಬಿಟ್ಟಿರುತ್ತದೆ. ನಡುವಿನ ರಂಧ್ರ ದುಂಡಗಿದ್ದರೆ ಉರಿದಂತೆಲ್ಲ ಗೋಡೆ ಅಗಲವಾಗಿ ನೂಕು ಏರುತ್ತದೆ. ನಕ್ಷತ್ರದ ಆಕಾರ ಕೊಟ್ಟರೆ ಮೊದಲೇ ಬೇಕಾದಷ್ಟು ಗೋಡೆ ಸಿಗುತ್ತದೆ, ಮೂಲೆಗಳು ಸವೆದಂತೆ ನೂಕು ಸಮವಾಗಿ ಉಳಿಯುತ್ತದೆ. ದಿಕ್ಕನ್ನು ಮಾತ್ರ ಹಾರುವಾಗ ತಿದ್ದಬಹುದು. ಮೊದಲ ಹಂತದಲ್ಲಿ ಅದಕ್ಕೆ ಚಂದದ ಉಪಾಯ ಇದೆ: ನಳಿಕೆಯ ಒಂದು ಪಕ್ಕದಿಂದ ಸ್ಟ್ರಾನ್ಷಿಯಂ ಪರ್‌ಕ್ಲೋರೇಟ್ ದ್ರಾವಣವನ್ನು ಒಳಗೆ ಚಿಮ್ಮಿಸುತ್ತಾರೆ. ಬಿಸಿ ಅನಿಲ ಅಲ್ಲಿ ತಡೆದಂತಾಗಿ ಸ್ವಲ್ಪ ಓರೆಯಾಗುತ್ತದೆ, ರಾಕೆಟ್ ತಿರುಗುತ್ತದೆ.

ದ್ರವದ ಎಂಜಿನ್ ಗ್ಯಾಸ್ ಸ್ಟೌ ಇದ್ದಂತೆ. ವಾಲ್ವ್ ಮುಚ್ಚಿದರೆ ಆರುತ್ತದೆ. ನಾಲ್ಕನೇ ಹಂತವನ್ನು ಗಡಿಯಾರ ನೋಡಿ ಆರಿಸುವುದಿಲ್ಲ, ವೇಗ ನೋಡಿ ಆರಿಸುತ್ತಾರೆ. ಕೆಳಗಿನ ಮೂರು ಹಂತಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಡಿಮೆ ಆಗಿರುತ್ತದೆ. ಆ ಬಾಕಿಯನ್ನೆಲ್ಲ ತೀರಿಸುವುದು ಈ ಹಂತ. ಮತ್ತೆ ಹೊತ್ತಿಸುವುದೂ ಸುಲಭ. ಇದರ ಇಂಧನ ಎಂಎಂಎಚ್ ಎನ್ನುವ ದ್ರವ. ಅದು ಮತ್ತು ಉರಿಯಲು ಆಮ್ಲಜನಕ ಕೊಡುವ ಆಕ್ಸಿಡೈಸರ್ ಒಂದನ್ನೊಂದು ಮುಟ್ಟಿದರೆ ಸಾಕು, ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಕಿಡಿ ಬೇಡ. ಪೈಸ್ಯಾಟ್ ತನ್ನ ಕಕ್ಷೆ ಸೇರಿದ್ದು ಇದರಿಂದಲೇ.

ಘನದಲ್ಲಿ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ 2025ರ ಮೇ 18ರ ಪಿಎಸ್‌ಎಲ್‌ವಿ-ಸಿ61 ಉದಾಹರಣೆ. ಮೊದಲ ಎರಡು ಹಂತ ಸರಿಯಾಗಿ ನಡೆದವು. ಮೂರನೆಯದು ಘನ. ಅದು ಉರಿಯುತ್ತಿರುವಾಗ ಮೋಟಾರಿನೊಳಗಿನ ಒತ್ತಡ ಕುಸಿಯಿತು. ಒತ್ತಡ ಕುಸಿದರೆ ಉರಿಯುವ ವೇಗವೂ ಇಳಿಯುತ್ತದೆ, ನೂಕೂ ಇಳಿಯುತ್ತದೆ. ನೆಲದಲ್ಲಿ ಕುಳಿತವರಿಗೆ ಅದು ಪರದೆಯ ಮೇಲೆ ಕಾಣುತ್ತದೆ, ಆದರೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಹೆಚ್ಚು ತೆರೆಯಲು ಅಲ್ಲಿ ವಾಲ್ವ್ ಎಲ್ಲಿದೆ? ಇಒಎಸ್-09 ಉಪಗ್ರಹ ಕಕ್ಷೆ ಸೇರಲಿಲ್ಲ.

ಇನ್ನೊಂದು ಕಷ್ಟವೂ ಇದೆ, ನನ್ನ ಪ್ರಕಾರ ಘನದ ದೊಡ್ಡ ಕಷ್ಟ ಇದೇ. ದ್ರವದ ಎಂಜಿನ್ನನ್ನು ನೆಲದಲ್ಲಿ ಉರಿಸಿ ನೋಡಿ, ಸರಿ ಇದ್ದರೆ ಅದನ್ನೇ ರಾಕೆಟ್ಟಿಗೆ ಹಾಕಬಹುದು. ಘನ ಮೋಟಾರನ್ನು ಉರಿಸಿ ನೋಡಿದರೆ ಅದು ಮುಗಿದೇಹೋಯಿತು. ಹಾಗಾಗಿ ಅದೇ ಮಿಶ್ರಣದ ಚೂರನ್ನು ಬೇರೆಯಾಗಿ ಉರಿಸಿ ವೇಗ ಅಳೆಯುತ್ತಾರೆ, ತುಂಬಿದ ಮೋಟಾರಿಗೆ ಎಕ್ಸ್‌ರೇ ಹಿಡಿಯುತ್ತಾರೆ. ಹುಡುಕುವುದು ಮುಖ್ಯವಾಗಿ ಎರಡನ್ನು: ರಬ್ಬರಿನೊಳಗಿನ ಬಿರುಕು, ಮತ್ತೆ ರಬ್ಬರು ಕೊಳಾಯಿಯ ಗೋಡೆಯಿಂದ ಬಿಟ್ಟುಕೊಂಡಿರುವ ಜಾಗ. ಬಿರುಕಿದ್ದರೆ ಉರಿ ಅದರೊಳಗೂ ನುಗ್ಗುತ್ತದೆ, ಉರಿಯುವ ಮೈ ಹಠಾತ್ತನೆ ಹೆಚ್ಚಿ ಒತ್ತಡ ಕೊಳಾಯಿ ತಡೆಯಲಾರದಷ್ಟು ಏರಬಹುದು.

ಮೂರನೆಯದು: ಎಷ್ಟು ದಿನ ಕಾಯಬೇಕು?

ಇಲ್ಲಿ ಘನಕ್ಕೆ ಸಾಟಿ ಇಲ್ಲ. ತುಂಬಿದ ಮೋಟಾರನ್ನು ತೇವ ಮತ್ತು ಬಿಸಿ ಹತೋಟಿಯಲ್ಲಿಟ್ಟರೆ ವರ್ಷಗಟ್ಟಲೆ ಇಡಬಹುದು. ಸೇನೆಯ ಕ್ಷಿಪಣಿಗಳಲ್ಲಿ ಘನವೇ ಹೆಚ್ಚು ಇರುವುದಕ್ಕೆ ಇದೇ ಕಾರಣ.

ದ್ರವದಲ್ಲಿ ಎಲ್ಲವೂ ಒಂದೇ ಅಲ್ಲ. ದ್ರವ ಆಮ್ಲಜನಕ ಮೈನಸ್ 183 ಡಿಗ್ರಿಯಲ್ಲಿ ಕುದಿಯುತ್ತದೆ. ಅದು ಟ್ಯಾಂಕಿನಲ್ಲಿ ಸದಾ ಆವಿಯಾಗುತ್ತಲೇ ಇರುತ್ತದೆ, ಹಾರುವ ಮುಂಚೆ ಮತ್ತೆ ಮತ್ತೆ ತುಂಬಬೇಕು. ಪಿಎಸ್‌ಎಲ್‌ವಿ ಆಕ್ಸಿಡೈಸರ್ ಆಗಿ ಬಳಸುವ ನೈಟ್ರೋಜನ್ ಟೆಟ್ರಾಕ್ಸೈಡ್ ಕುದಿಯುವುದು 21 ಡಿಗ್ರಿಯಲ್ಲಿ. ನಮ್ಮ ಮನೆಯ ಕೋಣೆಯಲ್ಲೇ ಕುದಿಯುತ್ತದೆ ಅನ್ನಿ. ಆದರೆ ಮುಚ್ಚಿದ ಟ್ಯಾಂಕಿನಲ್ಲಿ ಸ್ವಲ್ಪ ಒತ್ತಡ ಕೊಟ್ಟರೆ ದ್ರವವಾಗಿಯೇ ಇರುತ್ತದೆ. ತೊಂದರೆ ಎಂದರೆ ವಿಷ. ಸೋರಿದರೆ ಕೆಂಗಂದು ಹೊಗೆ ಏಳುತ್ತದೆ, ಉಸಿರಿಗೆ ಹೋದರೆ ಶ್ವಾಸಕೋಶ ಸುಡುತ್ತದೆ. ಕೌಂಟ್‌ಡೌನ್ ಹೊತ್ತಿನಲ್ಲಿ ಎರಡನೇ ಹಂತಕ್ಕೆ ದ್ರವ ತುಂಬುವ ಸುದ್ದಿಯನ್ನು ಓದಿರುತ್ತೀರಿ, ಅಲ್ವಾ? ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ಇದಕ್ಕೇ.

ಒಮ್ಮೆ ಭದ್ರವಾಗಿ ಮುಚ್ಚಿದರೆ ಮಾತ್ರ ಇಂಥ ಇಂಧನ ಮತ್ತು ಆಕ್ಸಿಡೈಸರ್ ಜೋಡಿ ತುಂಬಾ ಕಾಯಬಲ್ಲದು. ಮಂಗಳಯಾನದ ಮುಖ್ಯ ಎಂಜಿನ್ ಸುಮಾರು 300 ದಿನ ಸುಮ್ಮನಿತ್ತು. 2014ರ ಸೆಪ್ಟೆಂಬರ್ 22ರಂದು ಪರೀಕ್ಷೆಗೆಂದು ನಾಲ್ಕು ಸೆಕೆಂಡು ಉರಿಸಿದರು. ಹೊತ್ತಿತು. ಎರಡು ದಿನ ಬಿಟ್ಟು ಅದೇ ಎಂಜಿನ್ ನೌಕೆಯನ್ನು ಮಂಗಳನ ಕಕ್ಷೆಗೆ ಸೇರಿಸಿತು.

ಕೊನೆಗೆ: ಹೈಬ್ರಿಡ್ ಯಾಕಾಗಬಾರದು?

ಸೌದೆ ಒಲೆಯನ್ನು ಊದುಗೊಳವೆಯಿಂದ ಊದಿದ್ದೀರಾ? ಊದಿದರೆ ಧಗ್ಗನೆ ಉರಿ, ನಿಲ್ಲಿಸಿದರೆ ತಣ್ಣಗೆ. ಹೈಬ್ರಿಡ್ ಅಂದರೆ ಅದೇ. ಇಂಧನ ಘನ, ಆಕ್ಸಿಡೈಸರ್ ದ್ರವ ಅಥವಾ ಅನಿಲ. ರಬ್ಬರಿನಲ್ಲಿ ಆಮ್ಲಜನಕ ಕೊಡುವ ಉಪ್ಪು ಇಲ್ಲದ ಕಾರಣ ಅದನ್ನು ಗೋದಾಮಿನಲ್ಲಿ ನಿರಾತಂಕವಾಗಿ ಇಡಬಹುದು. ಸಣ್ಣ ಬಿರುಕು ಬಿಟ್ಟರೂ ಗಾಬರಿ ಇಲ್ಲ, ಆಕ್ಸಿಡೈಸರ್ ಹರಿದಲ್ಲಿ ಮಾತ್ರ ಉರಿ. ಒಂದೇ ವಾಲ್ವಿನಲ್ಲಿ ನೂಕನ್ನು ಹೆಚ್ಚುಕಡಿಮೆ ಮಾಡಬಹುದು, ಆರಿಸಲೂಬಹುದು. 2022ರ ಸೆಪ್ಟೆಂಬರ್ 20ರಂದು ಇಸ್ರೊ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 30 ಕಿಲೋನ್ಯೂಟನ್‌ನ ಇಂಥ ಮೋಟಾರನ್ನು 15 ಸೆಕೆಂಡು ಉರಿಸಿ ನೋಡಿತು. ಇಂಧನ ಅದೇ ಎಚ್‌ಟಿಪಿಬಿ ರಬ್ಬರು, ಜೊತೆಗೆ ದ್ರವ ಆಮ್ಲಜನಕ.

ಹಾಗಾದರೆ ಪಿಎಸ್‌ಎಲ್‌ವಿಯಲ್ಲಿ ಯಾಕಿಲ್ಲ? ಹೈಬ್ರಿಡ್‌ನ ರಬ್ಬರಿನ ನಡುವೆ ಆಕ್ಸಿಡೈಸರ್ ಹರಿಯುವ ಒಂದು ರಂಧ್ರವನ್ನು ಹತ್ತಿರದಿಂದ ನೋಡಿ. ಶುರುವಿನಲ್ಲಿ ಅದರ ಅಗಲ 10 ಸೆಂಟಿಮೀಟರ್. ಉರಿಯುತ್ತಾ 20 ಸೆಂಟಿಮೀಟರ್ ಆಯಿತು. ಆಕ್ಸಿಡೈಸರ್ ಅಷ್ಟೇ ಬರುತ್ತಿದೆ, ಆದರೆ ದಾರಿಯ ವಿಸ್ತಾರ ನಾಲ್ಕು ಪಟ್ಟು. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹರಿವು ಕಾಲು ಭಾಗಕ್ಕೆ ಇಳಿಯಿತು. ರಬ್ಬರು ಸವೆಯುವ ವೇಗ ಈ ಹರಿವಿನ ಸುಮಾರು 0.6ನೇ ಘಾತದಂತೆ ಬದಲಾಗುತ್ತದೆ ಎಂದುಕೊಂಡರೆ, ವೇಗ ಮೊದಲಿನ 0.435 ಪಟ್ಟಿಗೆ ಬಿತ್ತು. ಗೋಡೆಯ ಸುತ್ತಳತೆ ಎರಡು ಪಟ್ಟಾಗಿದೆ. ಎರಡನ್ನೂ ಗುಣಿಸಿದರೆ 0.87. ಯಾರೂ ಏನೂ ಮಾಡದೆ ಇಂಧನ ಶೇ 13ರಷ್ಟು ಕಡಿಮೆಯಾಯಿತು. ಮಿಶ್ರಣ ಹದ ತಪ್ಪಿತು, ಅನಿಲದ ವೇಗವೂ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು, ರಬ್ಬರು ಸವೆಯುವುದೇ ನಿಧಾನ. ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರಿನ ಆಸುಪಾಸು, ಘನ ಮೋಟಾರಿನಲ್ಲಿ ಅದರ ಹಲವು ಪಟ್ಟು. ದೊಡ್ಡ ನೂಕು ಬೇಕೆಂದರೆ ಒಂದರ ಬದಲು ಹಲವು ರಂಧ್ರ ಕೊರೆಯಬೇಕು. ಆಗ ರಂಧ್ರಗಳ ನಡುವಿನ ಗೋಡೆ ಕೊನೆಗೆ ತೆಳುವಾಗಿ, ತುಂಡಾಗಿ, ನಳಿಕೆಗೆ ಬಂದು ಸಿಕ್ಕಿಕೊಳ್ಳುವ ಭಯ. ಅದನ್ನು ತಪ್ಪಿಸಲು ಒಂದಷ್ಟು ರಬ್ಬರನ್ನು ಉರಿಸದೆಯೇ ಉಳಿಸಬೇಕು. ಅದು ರಾಕೆಟ್ ಹೊತ್ತೊಯ್ಯುವ ಸತ್ತ ತೂಕ.

ಆಕ್ಸಿಡೈಸರನ್ನೂ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಹೈಬ್ರಿಡ್‌ಗಳಲ್ಲಿ ಮೆಚ್ಚಿನ ನೈಟ್ರಸ್ ಆಕ್ಸೈಡ್ ಕೋಣೆಯ ಬಿಸಿಯಲ್ಲಿ ಸುಮಾರು 50 ಬಾರ್ ಒತ್ತಡದಲ್ಲಿ ದ್ರವವಾಗಿರುತ್ತದೆ. 2007ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮೊಹಾವೆಯಲ್ಲಿ ಬೆಂಕಿಯನ್ನೇ ಹಚ್ಚದೆ, ಬರೀ ಹರಿವಿನ ಪರೀಕ್ಷೆ ನಡೆಸುತ್ತಿದ್ದಾಗ ಅದು ಸ್ಫೋಟಿಸಿ ಮೂವರು ಸತ್ತರು.

ಹಾಗಂತ ಹೈಬ್ರಿಡ್‌ಗೆ ಜಾಗವೇ ಇಲ್ಲ ಎಂದಲ್ಲ. 2004ರಲ್ಲಿ ಮನುಷ್ಯರನ್ನು 100 ಕಿಲೋಮೀಟರ್ ಎತ್ತರ ದಾಟಿಸಿದ ಖಾಸಗಿ ನೌಕೆ ಸ್ಪೇಸ್‌ಶಿಪ್‌ಒನ್ ಹಾರಿದ್ದು ಎಚ್‌ಟಿಪಿಬಿ ರಬ್ಬರು ಮತ್ತು ನೈಟ್ರಸ್ ಆಕ್ಸೈಡ್‌ನಿಂದಲೇ. ಒಂದೂವರೆ ನಿಮಿಷದೊಳಗೆ ಉರಿದು ಮುಗಿಸಿ, ಮೇಲೆ ಹೋಗಿ ಕೆಳಗೆ ಬರುವ ಹಾರಾಟ ಅದು. ಒಳಗೆ ಪೈಲಟ್ ಇದ್ದರು. ಏನಾದರೂ ಎಡವಟ್ಟಾದರೆ ಅವರು ಎಂಜಿನ್ ಆರಿಸಿ, ರೆಕ್ಕೆಯ ಮೇಲೆ ತೇಲಿ ವಾಪಸ್ ಇಳಿಯಬಹುದಿತ್ತು.