ಹತ್ತು ವರ್ಷ, 34 ತೊಟ್ಟಿ: ಪಾವಗಡ ಸೀಮೆಯ ಮಳೆನೀರಿನ ಲೆಕ್ಕ

ಆತ್ಮೀಯರೇ,

2015ರಲ್ಲಿ ಪಾವಗಡ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ತಾರಸಿ ನೀರನ್ನು ತೊಟ್ಟಿಗೆ ಇಳಿಸುವುದರಿಂದ ಈ ಕೆಲಸ ಶುರುವಾಯಿತು. ಇಲ್ಲಿಯವರೆಗೆ ಕಟ್ಟಿದ ತೊಟ್ಟಿಗಳು 34. ವಾರ್ಷಿಕ ವರದಿಗಳಲ್ಲಿ ಈ ಸಂಖ್ಯೆಯನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತ ಬಂದಿದ್ದೇವೆ. ಆದರೆ ಕಟ್ಟಿದ್ದು ಬೇರೆ, ನಡೆಯುತ್ತಿರುವುದು ಬೇರೆ, ಮಕ್ಕಳ ಹೊಟ್ಟೆಗೆ ಫ್ಲೋರೈಡ್ ಇಲ್ಲದ ನೀರು ಸೇರುತ್ತಿರುವುದು ಇನ್ನೂ ಬೇರೆ. ಈ ಪತ್ರದಲ್ಲಿ ಮೂರರ ಲೆಕ್ಕವನ್ನೂ ಕೊಡುತ್ತೇವೆ.

ಹೊಸದಾಗಿ ಸೇರಿದ ದಾನಿಗಳಿಗಾಗಿ ಹಿನ್ನೆಲೆ ಎರಡು ಮಾತಿನಲ್ಲಿ. ಇಲ್ಲಿನ ಬೋರ್‌ವೆಲ್ ಆಳಕ್ಕೆ ಹೋದಂತೆಲ್ಲ ಗ್ರಾನೈಟ್ ಬಂಡೆಯಿಂದ ಕರಗಿದ ಫ್ಲೋರೈಡ್ ನೀರಿಗೆ ಸೇರುತ್ತದೆ. ಅದು ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ, ಮೂಳೆಗೂ ಕೆಡುಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಕಾಯಿಸಿದರೆ ಅದು ಹೋಗುವುದಿಲ್ಲ, ಸೋಸಿದರೂ ಹೋಗುವುದಿಲ್ಲ. ಮಳೆನೀರಿನಲ್ಲಿ ಮಾತ್ರ ಅದು ಇಲ್ಲವೆನ್ನುವಷ್ಟು ಕಡಿಮೆ.

ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂಬುದನ್ನು 60 ಮಕ್ಕಳ ಒಂದು ಶಾಲೆಯ ಲೆಕ್ಕದಲ್ಲಿ ಹೇಳುತ್ತೇವೆ. ಮಗುವಿಗೆ ದಿನಕ್ಕೆ 2 ಲೀಟರ್: ಸುಮಾರು ಅರ್ಧ ಕುಡಿಯುವುದಕ್ಕೆ, ಉಳಿದದ್ದು ಬಿಸಿಯೂಟದ ಅನ್ನ, ಸಾರು ಮತ್ತು ಕ್ಷೀರಭಾಗ್ಯದ ಹಾಲಿನ ಪುಡಿ ಕಲಸುವುದಕ್ಕೆ. ಅಡುಗೆಯನ್ನು ಬಿಟ್ಟು ಕುಡಿಯುವ ನೀರನ್ನಷ್ಟೇ ಲೆಕ್ಕ ಹಾಕಿದರೆ ಅರ್ಧ ಕೆಲಸ ಹಾಳಾದ ಹಾಗೆ, ಏಕೆಂದರೆ ಬೋರಿನ ನೀರಿನಲ್ಲಿ ಬೇಯಿಸಿದ ಅನ್ನ ಫ್ಲೋರೈಡನ್ನೂ ಹೀರಿಕೊಂಡೇ ಬೇಯುತ್ತದೆ. ಹೀಗೆ ದಿನಕ್ಕೆ 120 ಲೀಟರ್. ನವೆಂಬರ್ ನಡುವಿನಿಂದ ಏಪ್ರಿಲ್‌ನಲ್ಲಿ ಶಾಲೆ ಮುಗಿಯುವವರೆಗೆ ಸುಮಾರು 115 ಶಾಲಾ ದಿನ ಮಳೆಯಿಲ್ಲದೆ ಸಾಗಬೇಕು. ಅಂದರೆ 13,800 ಲೀಟರ್. ಆದ್ದರಿಂದ 15,000 ಲೀಟರಿನ ತೊಟ್ಟಿ: 10 ಅಡಿ ವ್ಯಾಸ, 7 ಅಡಿ ಎತ್ತರ, ಕೋಳಿಬಲೆ ಮತ್ತು ವೆಲ್ಡ್ ಮೆಶ್ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಬಳಿದ ಫೆರೊಸಿಮೆಂಟ್.

ನೂರು ಚದರ ಮೀಟರಿನ ತಾರಸಿಯಿಂದ, ಸೋರಿ ಆರಿ ಹೋಗುವುದನ್ನು ಕಳೆದರೆ, ಒಂದು ಮಿಲಿಮೀಟರ್ ಮಳೆಗೆ 80 ಲೀಟರ್ ಸಿಗುತ್ತದೆ. ವರ್ಷಕ್ಕೆ 550 ಮಿ.ಮೀ. ಬಿದ್ದರೆ 44,000 ಲೀಟರ್. ಕಾಗದದ ಮೇಲೆ ಇದು ಧಾರಾಳ. ನಿಜವಾದ ಪ್ರಶ್ನೆ ಮಳೆ ಯಾವಾಗ ಬೀಳುತ್ತದೆ ಎಂಬುದು. ನಮ್ಮ ಸೀಮೆಗೆ ಮುಂಗಾರು ಕೈಕೊಡುವುದೇ ಹೆಚ್ಚು, ತೊಟ್ಟಿ ತುಂಬುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಬರಿದಾದ ತೊಟ್ಟಿ ತುಂಬಬೇಕಾದರೆ ಆ ಎರಡು ತಿಂಗಳಲ್ಲಿ ಸುಮಾರು 190 ಮಿ.ಮೀ. ಬೀಳಬೇಕು. ರಾಜ್ಯಕ್ಕೆಲ್ಲ ಬರ ಬಂದ 2023ರಂಥ ವರ್ಷದಲ್ಲಿ ತೊಟ್ಟಿ ಏಪ್ರಿಲ್‌ವರೆಗೆ ಬರುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗಲೂ ಒಂದೆರಡು ತಿಂಗಳು ತಳ ಕಾಣುವುದು ಸಾಮಾನ್ಯ. ಇದು ತೊಟ್ಟಿಯ ದೋಷವಲ್ಲ, ಈ ವಿಧಾನದ ಮಿತಿ. ‘ವರ್ಷಪೂರ್ತಿ ಶುದ್ಧ ನೀರು’ ಎಂಬ ಮಾತು ನಮ್ಮ ಹಳೆಯ ಕರಪತ್ರದಲ್ಲಿತ್ತು, ಈಗ ತೆಗೆದಿದ್ದೇವೆ.

ಇನ್ನು ಇವತ್ತಿನ ಸ್ಥಿತಿ. ನಡೆಯುತ್ತಿದೆ ಎಂದು ಎಣಿಸುವುದಕ್ಕೆ ನಾಲ್ಕು ಷರತ್ತು ಇಟ್ಟುಕೊಂಡೆವು. ಫೆಬ್ರುವರಿಯಲ್ಲಿ ಹೇಳದೆ ಹೋದಾಗ ತೊಟ್ಟಿಯಲ್ಲಿ ನೀರಿರಬೇಕು, ನಲ್ಲಿ ಬರಬೇಕು, ಅಡುಗೆಮನೆಯ ಪಾತ್ರೆಗೆ ಆ ನೀರೇ ಬಿದ್ದಿರಬೇಕು, ಮುಚ್ಚಳ ಮತ್ತು ಹೆಚ್ಚುವರಿ ನೀರಿನ ಕೊಳವೆಯ ಬಲೆ ಸರಿಯಿರಬೇಕು. ಫೆಬ್ರುವರಿಯೇ ಏಕೆಂದರೆ ಅಕ್ಟೋಬರಿನಲ್ಲಿ ಎಲ್ಲ ತೊಟ್ಟಿಯೂ ಚೆನ್ನಾಗಿಯೇ ಕಾಣುತ್ತದೆ. ಈ ಅಳತೆಯಲ್ಲಿ 34ರಲ್ಲಿ 21 ಪಾಸಾದವು. 8 ನಿಂತುಹೋಗಿವೆ, ರಿಪೇರಿ ಆಗಬಲ್ಲವು. 5 ಇನ್ನಿಲ್ಲ: ಮಕ್ಕಳ ಸಂಖ್ಯೆ ಕುಸಿದು ಮೂರು ಶಾಲೆ ಮುಚ್ಚಿದವು, ಎರಡು ಕಡೆ ಹೊಸ ಕೊಠಡಿ ಕಟ್ಟುವಾಗ ತೊಟ್ಟಿ ಒಡೆದರು.

ನಿಂತುಹೋದ ಎಂಟರಲ್ಲಿ ಸಿಮೆಂಟಿನ ಬಿರುಕು ಒಂದೇ ಕಡೆ, ಅದೂ ಬೇಸಗೆಯಲ್ಲಿ ಕಟ್ಟಿ ಎರಡು ವಾರ ಗೋಣಿಚೀಲ ಹೊದಿಸಿ ನೀರುಣಿಸದೆ ಬಿಟ್ಟದ್ದರಿಂದ. ಮೂರು ಕಡೆ ನಲ್ಲಿ ಮುರಿದಿದೆ, ಅಷ್ಟೇ. ಉಳಿದ ನಾಲ್ಕು ಕಡೆ ಕಾಯಿಲೆ ಒಂದೇ: ಮೊದಲ ಮಳೆಯ ಕೊಳಕು ನೀರನ್ನು ಹೊರಗೆ ಬಿಡುವ ವ್ಯವಸ್ಥೆ ಸೋತಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಮಳೆಕೊಯ್ಲು ಮಾಡಿಕೊಂಡ ನಿಮ್ಮಲ್ಲೂ ಹಲವರಿಗೆ ಈ ತೊಂದರೆ ಇರಬಹುದು.

ತಾರಸಿಯ ಧೂಳು, ಹಕ್ಕಿ ಹಿಕ್ಕೆ, ಎಲೆ ತೊಳೆದುಹೋಗಲು ಮೊದಲ 2 ಮಿ.ಮೀ. ಮಳೆಯಾದರೂ ಹೊರಗೆ ಹೋಗಬೇಕು. ನೂರು ಚದರ ಮೀಟರಿಗೆ ಅದು 200 ಲೀಟರ್. ಪ್ಲಂಬರುಗಳು ಸಾಮಾನ್ಯವಾಗಿ ಮಾಡುವುದು ನಾಲ್ಕಿಂಚಿನ ಪೈಪನ್ನು ಒಂದು ಮೀಟರ್ ಕೆಳಕ್ಕೆ ಇಳಿಸಿ ತುದಿಗೆ ಮುಚ್ಚಳ ಹಾಕುವುದು. ಅದರಲ್ಲಿ ಹಿಡಿಯುವುದು 8–9 ಲೀಟರ್. ಅಷ್ಟನ್ನು ಹೊರಗೆ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ನಾವು ಈಗ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನೇ ಇಡುತ್ತೇವೆ. ಮೊದಲು ಅದು ತುಂಬುತ್ತದೆ, ಆಮೇಲೆ ಬಂದ ನೀರು ಪಕ್ಕದ ಕವಲಿನಿಂದ ಮರಳು ಜಲ್ಲಿಯ ಫಿಲ್ಟರಿಗೆ ಹೋಗುತ್ತದೆ. ಡ್ರಮ್ಮಿನ ಬುಡದಲ್ಲಿ 4 ಮಿ.ಮೀ. ತೂತು, ಮಳೆ ನಿಂತ ಮೇಲೆ ಅಲ್ಲಿಂದ ತೊಟ್ಟಿಕ್ಕಿ ತಾನೇ ಖಾಲಿಯಾಗುತ್ತದೆ. ಹಾಳಾಗುವುದೂ ಅಲ್ಲಿಯೇ. ತೂತಿಗೆ ಎಲೆಯ ಕೆಸರು ಕಟ್ಟಿದರೆ ಡ್ರಮ್ ತುಂಬಿಯೇ ಇರುತ್ತದೆ, ಮುಂದಿನ ಮಳೆಯ ಕೊಳಕೆಲ್ಲ ನೇರ ತೊಟ್ಟಿಗೆ. ಕಂಡುಹಿಡಿಯುವುದು ಸುಲಭ: ಮಳೆಯಾದ ಮರುದಿನ ಮಧ್ಯಾಹ್ನ ಡ್ರಮ್ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಸರಿ, ಮಂದ ಸದ್ದು ಬಂದರೆ ತೂತಿಗೆ ಕಡ್ಡಿ ಹಾಕಿ. ಹೀಗೆ ಕೊಳಕು ಸೇರಿ ನೀರು ನಾರುವುದಕ್ಕೆ ಶುರುವಾದರೆ ಅಡುಗೆಯವರು ಆ ನಲ್ಲಿಯ ಹತ್ತಿರ ಸುಳಿಯುವುದಿಲ್ಲ. ಅವರು ಮಾಡುವುದು ಸರಿಯೇ.

ನಡೆಯುತ್ತಿರುವ 21ರ ಬಗ್ಗೆಯೂ ಪೂರ್ತಿ ಸಮಾಧಾನವಿಲ್ಲ. ಈ ಸಲ ಬಣ್ಣ ನೋಡಿ ಹೇಳುವ ಕಿಟ್‌ನಿಂದ ಪ್ರತಿ ತೊಟ್ಟಿಯ ಫ್ಲೋರೈಡ್ ಅಳೆದೆವು. ಮಳೆನೀರಿಗೆ ಯಾಕೆ ಫ್ಲೋರೈಡ್ ಪರೀಕ್ಷೆ ಎಂದು ನಮ್ಮವರೇ ಕೇಳಿದ್ದುಂಟು. ಒಂದು ಶಾಲೆಯಲ್ಲಿ ಬೋರಿನ ನೀರು 3.0 ತೋರಿಸಿತು, ತೊಟ್ಟಿಯದು 1.2. ಮಳೆನೀರಿನಲ್ಲಿ ಏನೂ ಇಲ್ಲವೆಂದರೆ ಆ 1.2 ಬರಬೇಕಾದದ್ದು ಬೋರಿನಿಂದಲೇ: ತೊಟ್ಟಿಯ ನೀರಿನಲ್ಲಿ ಹತ್ತಕ್ಕೆ ನಾಲ್ಕು ಪಾಲು ಬೋರಿನದು. ನೀರು ಮುಗಿಯುತ್ತ ಬಂದಾಗ ಪೈಪ್ ಎಳೆದು ತುಂಬಿಸಿದ್ದಾರೆ. ಇಂಥವು 21ರಲ್ಲಿ 6. ಯಾರ ಮೇಲೂ ಸಿಟ್ಟು ಮಾಡುವ ಹಾಗಿಲ್ಲ, ಖಾಲಿ ತೊಟ್ಟಿ ಕಂಡರೆ ಯಾರಾದರೂ ತುಂಬಿಸುತ್ತಾರೆ. ಈಗ ಆ ಆರು ಕಡೆ ಬೋರಿನ ನೀರಿಗೆ 1,000 ಲೀಟರಿನ ಬೇರೆಯದೇ ಟ್ಯಾಂಕ್ ಇಟ್ಟು, ಅದರ ನಲ್ಲಿಗೆ ಕೆಂಪು ಬಣ್ಣ ಬಳಿಯುತ್ತಿದ್ದೇವೆ: ಕೈಕಾಲು ತೊಳೆಯಲು, ಪಾತ್ರೆ ಬೆಳಗಲು ಮಾತ್ರ. ಅಲ್ಲಿಯವರೆಗೆ ನಮ್ಮ ಲೆಕ್ಕದಲ್ಲಿ ಪೂರ್ತಿ ಸರಿಯಿರುವುದು 15.

ಇನ್ನೊಂದು ವಿಷಯ ತೊಟ್ಟಿಯ ಎಣಿಕೆಗಿಂತ ಗಂಭೀರವಾದದ್ದು. ‘ಮಕ್ಕಳ ಹಲ್ಲಿನ ಕಲೆ ಎಷ್ಟು ಕಡಿಮೆಯಾಯಿತು’ ಎಂದು ಹಲವರು ಕೇಳುತ್ತೀರಿ. ಅದು ಕಡಿಮೆಯಾಗಿದೆ ಎಂದು ಹೇಳಲು ನಮ್ಮ ಹತ್ತಿರ ಆಧಾರವಿಲ್ಲ, ಶಾಲೆಯ ತೊಟ್ಟಿಯಿಂದ ಅದನ್ನು ಹೆಚ್ಚಾಗಿ ನಿರೀಕ್ಷಿಸುವಂತೆಯೂ ಇಲ್ಲ. ಎದುರಿಗೆ ಕಾಣುವ ಶಾಶ್ವತ ಹಲ್ಲುಗಳ ಹೊರಕವಚ ವಸಡಿನೊಳಗೆ ಬೆಳೆಯುವುದು ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ. ಕಲೆ ಬೀಳುವುದೂ ಆಗಲೇ, ಬಿದ್ದ ಮೇಲೆ ಹೋಗುವುದಿಲ್ಲ. ಮಗು ಒಂದನೇ ತರಗತಿಗೆ ಬರುವ ಹೊತ್ತಿಗೆ ಆರು ವರ್ಷ. ನಮ್ಮ ನೀರು ತಲುಪುವ ಮೊದಲೇ ಆ ಹಲ್ಲುಗಳ ಕೆಲಸ ಬಹುಪಾಲು ಮುಗಿದಿರುತ್ತದೆ. ಹಿಂದಿನ ಕೆಲವು ಹಲ್ಲುಗಳಿಗೆ ಮತ್ತು ಬೆಳೆಯುವ ಮೂಳೆಗೆ ಶಾಲೆಯ ನೀರು ಅನುಕೂಲವೇ. ಆದರೆ ಅದೂ ಶಾಲೆ ನಡೆಯುವ ದಿನಗಳಲ್ಲಿ, ಮಧ್ಯಾಹ್ನದ ಒಂದು ಊಟಕ್ಕೆ ಮಾತ್ರ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತಂದರೂ ಅದು ಬಹಳ ಮನೆಗಳಲ್ಲಿ ಕುಡಿಯುವುದಕ್ಕೆ ಮಾತ್ರ, ಅಡುಗೆಗೆ ಬೋರಿನ ನೀರೇ.

ಆದ್ದರಿಂದ ಬಾಕಿಯ ಪಟ್ಟಿಯಲ್ಲಿ ಮೊದಲನೆಯದು ಅಂಗನವಾಡಿ. ಮೂರರಿಂದ ಆರು ವರ್ಷದ 20 ಮಕ್ಕಳಿಗೆ, ಅಡುಗೆಯೂ ಸೇರಿ ದಿನಕ್ಕೆ 30 ಲೀಟರ್ ಸಾಕು. ಐದೂವರೆ ತಿಂಗಳ ಒಣ ಕಾಲಕ್ಕೆ, ತಿಂಗಳಿಗೆ 25 ದಿನದಂತೆ, 4,000 ಲೀಟರಿಗೆ ಸ್ವಲ್ಪ ಹೆಚ್ಚು. 5,000 ಲೀಟರಿನ ತೊಟ್ಟಿ ತುಂಬಲು 40 ಚದರ ಮೀಟರ್ ತಾರಸಿಗೆ ಸುಮಾರು 160 ಮಿ.ಮೀ. ಮಳೆ ಬೇಕು. ಅಂಗನವಾಡಿ ಕಟ್ಟಡ ಸ್ವಂತದ್ದಾಗಿರಬೇಕು, ಬಾಡಿಗೆ ಮನೆಯಾದರೆ ತೊಟ್ಟಿ ಕಟ್ಟುವುದು ವ್ಯರ್ಥ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳು ಅಂಗನವಾಡಿಯಲ್ಲಿ ಊಟ ಮಾಡುವುದಿಲ್ಲ, ಆಹಾರ ಮನೆಗೆ ಹೋಗುತ್ತದೆ. ಅವರಿಗೆ ನೀರು ತಲುಪಿಸುವ ದಾರಿ ನಮಗಿನ್ನೂ ಕಂಡಿಲ್ಲ. ತುಂಗಭದ್ರಾ ಹಿನ್ನೀರು ಎಲ್ಲ ಮನೆಯ ನಲ್ಲಿಗೂ ತಪ್ಪದೆ ಬರುವಂತಾದರೆ ನಮ್ಮ ತೊಟ್ಟಿಗಳು ಬೇಕಾಗುವುದೇ ಇಲ್ಲ, ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇರಲಾರದು. ಅದಾಗುವವರೆಗೆ ಹೊಸ ಶಾಲಾ ತೊಟ್ಟಿ ಕಟ್ಟುವುದನ್ನು ನಿಲ್ಲಿಸಿ, ಅಂಗನವಾಡಿಗಳಿಗೇ ಕಟ್ಟುತ್ತೇವೆ.

ಎರಡನೆಯ ಬಾಕಿ ರಿಪೇರಿಯ ಹಣ. ತೊಟ್ಟಿಗೆ ಹಣ ಕೊಡುವವರು ಸಿಗುತ್ತಾರೆ, ನಲ್ಲಿಗೆ ಸಿಗುವುದಿಲ್ಲ. ಕೊಟ್ಟ ಹಣದಲ್ಲಿ ಉಳಿಸಿ ಇಟ್ಟುಕೊಳ್ಳೋಣವೆಂದರೆ, ತೆರಿಗೆ ವಿನಾಯಿತಿ ಉಳಿಯಲು ಟ್ರಸ್ಟ್ ತನ್ನ ಆದಾಯದ ಶೇ. 85ನ್ನು ಆಯಾ ವರ್ಷವೇ ಖರ್ಚು ಮಾಡಬೇಕು, ಇಲ್ಲವೇ ಉದ್ದೇಶ ತಿಳಿಸಿ ಐದು ವರ್ಷದ ಮಿತಿಯೊಳಗೆ ಕೂಡಿಡಬೇಕು. ದಾನಿಯೇ ‘ಇದು ಮೂಲನಿಧಿಗೆ’ ಎಂದು ಬರೆದುಕೊಟ್ಟ ಹಣಕ್ಕೆ, ಅದನ್ನು ನಿಗದಿತ ರೀತಿಯ ಠೇವಣಿಯಲ್ಲೇ ಇಟ್ಟರೆ, ಈ ಕಟ್ಟು ಇಲ್ಲ. ಅದರ ಬಡ್ಡಿ ಪ್ರತಿವರ್ಷ ನಲ್ಲಿ, ಬಲೆ, ಮತ್ತು 1,000 ಲೀಟರಿಗೆ 2.5 ಗ್ರಾಂ ಲೆಕ್ಕದ ಬ್ಲೀಚಿಂಗ್ ಪುಡಿಗೆ ಹೋಗುತ್ತದೆ. ಪುಡಿಯನ್ನು ಸಣ್ಣ ಪೊಟ್ಟಣದಲ್ಲೇ ಕೊಳ್ಳುತ್ತೇವೆ, ಒಡೆದ ದೊಡ್ಡ ಚೀಲ ಒಂದೆರಡು ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ.

ಈ ವರ್ಷ ಹಣ ಕಳಿಸುವವರು ಮೂಲನಿಧಿಗೆ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿ. ಬಾಯಿಮಾತಿನಲ್ಲಿ ಹೇಳಿದರೆ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ನೀವು ಕೊಟ್ಟ ತೊಟ್ಟಿ ಇಲ್ಲವಾದ ಐದರಲ್ಲಿ ಸೇರಿದ್ದರೆ ನಿಮಗೆ ಬೇರೆ ಪತ್ರ ಬರುತ್ತದೆ, ಅದರಲ್ಲಿ ಯಾವ ಶಾಲೆ, ಯಾವ ವರ್ಷ, ಏನಾಯಿತು ಎಂದು ಬರೆದಿರುತ್ತೇವೆ.

ವಂದನೆಗಳೊಂದಿಗೆ,
ಟ್ರಸ್ಟಿಗಳು ಮತ್ತು ಕ್ಷೇತ್ರ ಕಾರ್ಯಕರ್ತರು